ಬೇಳೆ ಬೇಯದ ಬಾವಿ

ನಮ್ಮ ಕಚೇರಿಯ ಜಗುಲಿಗೆ ರೈತರು ಎಂಥೆಂಥ ಪಾತ್ರೆಗಳಲ್ಲಿ ನೀರು ತರುತ್ತಿದ್ದರು ಎಂದರೆ, ಈಗ ನೆನೆಸಿಕೊಂಡರೂ ನಗು ಬರುತ್ತದೆ. ಒಬ್ಬರು ಕಿವಿಗೆ ಬಿಡುವ ಔಷಧಿಯ ಶೀಶೆಯಲ್ಲಿ ಎರಡು ಚಮಚ ನೀರು ತಂದು "ಇಷ್ಟು ಸಾಕಲ್ವೇನಮ್ಮ?" ಎಂದರು. ಇನ್ನೊಬ್ಬರು ತಾಮ್ರದ ಚೊಂಬಿಗೆ ಬಾಳೆಲೆ ಕಟ್ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಅರ್ಧ ನೀರನ್ನು ಪಕ್ಕದವರ ಪಂಚೆಗೆ ಕುಡಿಸಿ ಬಂದಿದ್ದರು. ರಾಗಿಗುಡ್ಡದ ಕಡೆಯ ಒಬ್ಬ ಮಹಾನುಭಾವರು ತಂದ ಬಾಟಲಿಯ ಮುಚ್ಚಳ ತೆಗೆದರೆ ಬ್ರಾಂದಿಯ ವಾಸನೆ! "ನಂದಲ್ಲಮ್ಮಾ, ನಮ್ಮ ಭಾವನ ಬಾಟ್ಲಿ" ಎಂದು ಆ ಮನುಷ್ಯ ಕೇಳದಿದ್ದರೂ ಮೂರು ಸಲ ಹೇಳಿದರು.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಮುಗಿಸಿ ಶಿವಮೊಗ್ಗದ ಒಂದು ಪುಟ್ಟ ಸರ್ಕಾರಿ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ್ದೆ. ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡುವುದು ನಮ್ಮ ಕೆಲಸ. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು. ಅದರ ಜಂಬ ಬೇರೆ, ಮೂಗಿನ ತುದಿಯಲ್ಲೇ ಕೋಪ ಬೇರೆ. "ಇವಳಿಗೆ ಅನ್ನ ಬಸಿಯೋಕೆ ಬರಲ್ಲ, ಆಸಿಡ್ ಬಸೀತಾಳಂತೆ" ಎಂದು ನನ್ನಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಅಡುಗೆ ಮನೆಯ ಹೊಸಿಲು ದಾಟದೆ ಬದುಕುತ್ತೇನೆ ಎಂಬ ಹಟ ನನ್ನದು. ಆ ಹಟದ ಮೂತಿಗೆ ಬೇಳೆಯಿಂದಲೇ ಏಟು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು!

ನಮ್ಮ ಅಧಿಕಾರಿಗಳು ಐವತ್ತು ದಾಟಿದ, ಸಾವಧಾನದ ಮನುಷ್ಯರು. ಸಂಸಾರ ದೂರದ ಊರಿನಲ್ಲಿತ್ತು, ಇಲ್ಲಿ ಒಂದು ಕೋಣೆಯಲ್ಲಿ ಕೈಯಡುಗೆ ಮಾಡಿಕೊಂಡಿದ್ದರು. ಗುರುವಾರ ಗುರುವಾರ ಜಗುಲಿಯಲ್ಲಿ ರೈತರನ್ನು ಕೂರಿಸಿಕೊಂಡು ಪ್ರಶ್ನೋತ್ತರ ನಡೆಸುವ ಪದ್ಧತಿ ಅವರು ಶುರುಮಾಡಿದ್ದು. ರೈತರು ಕೇಳಬೇಕು, ನಾನು ಉತ್ತರ ಹೇಳಬೇಕು. ತಪ್ಪಿದರೆ ಅಧಿಕಾರಿಗಳು ಒಳಗೆ ಕೂತೇ ಕೆಮ್ಮುತ್ತಿದ್ದರು. ಕೆಮ್ಮು ಬಂತೆಂದರೆ ನಾನು ಮಾತು ತಿದ್ದಿಕೊಳ್ಳಬೇಕು.

ಮೊದಮೊದಲು ನೀರಿನ ಪರೀಕ್ಷೆ ಎಂದರೆ ಜನ ನಗುತ್ತಿದ್ದರು. "ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ತುಂಗೆ ಹರಿಯೋ ಊರಲ್ಲಿ ನೀರು ಪರೀಕ್ಷೆ ಮಾಡ್ತೀನಿ ಅಂತೀರಲ್ಲ ಮಾರಾಯ್ತಿ!" ಎಂದು ಒಬ್ಬ ಅಜ್ಜ ನನ್ನನ್ನು ಕಿಚಾಯಿಸಿದರು.

"ನಿಮ್ಮ ಬಾವಿಗೆ ತುಂಗೆ ಬಂದು ನೀರು ತುಂಬಿ ಹೋಗ್ತಾಳಾ ಅಜ್ಜಾ?" ಎಂದೆ. "ಬಾವಿ ನೀರು ನೆಲದ ಒಳಗಿಂದ ಬರುತ್ತೆ. ಯಾವ ಕಲ್ಲು, ಯಾವ ಮಣ್ಣು ತೊಳ್ಕೊಂಡು ಬಂತೋ ಅದರ ಉಪ್ಪು ಅದರಲ್ಲಿರುತ್ತೆ."

"ಹಂಗಾದ್ರೆ ಬಾಯಿಗೆ ಹಾಕಿ ನೋಡಿದ್ರಾಯ್ತು."

"ತುಂಬಾ ಉಪ್ಪಿದ್ರೆ ನಾಲಿಗೆಗೆ ಗೊತ್ತಾಗುತ್ತೆ. ಗಿಡಕ್ಕೆ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಾಗುತ್ತೆ. ಉಪ್ಪು ಹಾಕಿದ ಮಾವಿನಕಾಯಿ ಹೋಳು ಸುರುಟಿಕೊಳ್ಳಲ್ವಾ? ಬೇರೂ ಹಾಗೇ. ಕಾಲಡಿ ನೀರಿದ್ದರೂ ಹೀರಿಕೊಳ್ಳೋಕೆ ಆಗಲ್ಲ. ಇನ್ನು ಸೋಡಿಯಂ ಅಂತ ಒಂದಿದೆ. ಅದು ಮೊದಲು ಮಣ್ಣನ್ನೇ ಕೆಡಿಸುತ್ತೆ. ಮಣ್ಣಿನ ಕಣಗಳನ್ನ ಸುಣ್ಣದಂಶ ಹಿಡಿದುಕೊಂಡಿರುತ್ತೆ. ಸೋಡಿಯಂ ಬಂದು ಆ ಹಿಡಿತ ಬಿಡಿಸುತ್ತೆ. ಆಮೇಲೆ ನೆಲ ನೆನೆದರೆ ಅಂಟು ರಾಡಿ, ಒಣಗಿದರೆ ಇಟ್ಟಿಗೆ. ನೀರು ಮೇಲೇ ನಿಲ್ಲುತ್ತೆ, ಒಳಗೆ ಇಳಿಯಲ್ಲ."

"ಅದನ್ನ ಗಿಡ ಹಾಕಿದ ಮೇಲೆ ನೋಡ್ಕೊಂಡ್ರೆ ಆಗಲ್ವಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು."

ಜಗುಲಿಯೆಲ್ಲ ನಕ್ಕಿತು. ನನಗೆ ಚುರ್ರೆಂದಿತು. "ಭತ್ತವಾದರೆ ಮುಂದಿನ ವರ್ಷ ಬೇರೆ ಬೆಳೆ ಹಾಕಬಹುದು. ಹಣ್ಣಿನ ಗಿಡ ಹಾಕಿ ನಾಲ್ಕು ವರ್ಷ ಆದ ಮೇಲೆ ಕಿತ್ತು ಒಲೆಗೆ ಹಾಕ್ತೀರಾ?" ಎಂದೆ. ಒಳಗಿನಿಂದ ಕೆಮ್ಮು ಕೇಳಿಸಿತು. ಉತ್ತರ ಸರಿಯಿತ್ತು, ದನಿ ಸರಿಯಿರಲಿಲ್ಲ ಎಂದು ಅದರ ಅರ್ಥ. "ನೆಡೋಕೆ ಮೊದಲೇ ಗೊತ್ತಾದ್ರೆ ಆ ನೀರಿಗೆ ಒಗ್ಗೋ ಬೆಳೆ ಹುಡುಕಬಹುದು, ಬೇಕಾದರೆ ಮಣ್ಣಿಗೆ ಜಿಪ್ಸಂ ಹಾಕಬಹುದು, ನೀರು ಬಸಿಯೋಕೆ ಕಾಲುವೆ ತೆಗೆಯಬಹುದು" ಎಂದು ಮೆತ್ತಗೆ ಸೇರಿಸಿದೆ.

ಪಾತ್ರೆಗಳ ಅವಾಂತರ ನೋಡಿ ಬೇಸತ್ತು ನಾನು ಒಂದು ಚೀಟಿ ಬರೆದೆ. ಅದನ್ನು ಸೈಕ್ಲೋಸ್ಟೈಲ್ ಮಾಡಿಸಿ ಬಂದವರಿಗೆಲ್ಲ ಹಂಚಿದೆವು. ಅದರಲ್ಲಿ ನಾನು ಅತ್ಯಂತ ಹೆಮ್ಮೆಪಟ್ಟುಕೊಂಡಿದ್ದ ಎರಡು ಸಾಲು ಹೀಗಿದ್ದವು:

"ಪ್ರಶ್ನೆ: ನೀರನ್ನು ಯಾವುದರಲ್ಲಿ ತರಬೇಕು? ಉತ್ತರ: ಅತ್ಯಂತ ಶುಭ್ರವಾಗಿ ತೊಳೆದ ಗಾಜಿನ ಬಾಟಲಿಯಲ್ಲಿ.

ಪ್ರಶ್ನೆ: ಯಾವ ಎಚ್ಚರಿಕೆ ವಹಿಸಬೇಕು? ಉತ್ತರ: ಬಾವಿಯ ನೀರಿಗೆ ಬೇರೆ ಯಾವ ನೀರೂ ಸೋಕಕೂಡದು."

ಇದಕ್ಕಿಂತ ಸ್ಪಷ್ಟವಾಗಿ ಬ್ರಹ್ಮನೂ ಬರೆಯಲಾರ ಎಂದುಕೊಂಡಿದ್ದೆ.

ಆ ಚೀಟಿ ತೆಗೆದುಕೊಂಡು ಹೋದವರಲ್ಲಿ ಭದ್ರಾವತಿಯ ಜನ್ನಾಪುರದ ಒಬ್ಬ ಪಂಪ್ ಮೇಸ್ತ್ರಿ ಇದ್ದರು. ಸುತ್ತಲಿನ ಹಳ್ಳಿಗಳಲ್ಲಿ ಕೆಟ್ಟುಹೋದ ನೀರೆತ್ತುವ ಎಂಜಿನ್‌ಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಮುಸಲ್ಮಾನರು, ನಲವತ್ತರ ಆಸುಪಾಸು, ಮಿತಭಾಷಿ. ಮರುವಾರ ಬಟ್ಟೆ ಸುತ್ತಿದ ಬಾಟಲಿಯೊಂದನ್ನು ಕೂಸಿನಂತೆ ಹಿಡಿದು ತಂದರು. ನಾನು ಅವರ ಅರ್ಜಿ ತುಂಬಿಸಿದೆ.

"ಯಾವ ಬೆಳೆಗೆ?"

"ನಿಂಬೆ. ನನ್ನ ಹೆಂಡತಿ ಬೆಳೆಸಿದಾಳೆ ಮೇಡಂ, ಮೂವತ್ತಾರು ಸಸಿ. ಅವಳ ತವರಿನ ಮರದ ಬೀಜ. ಮನೆ ಹಿತ್ತಲಲ್ಲಿ ಹಳೇ ಡಬ್ಬಗಳಲ್ಲಿ ಇಟ್ಟಿದಾಳೆ. ಈಗ ಡಬ್ಬ ಸಾಲ್ತಾ ಇಲ್ಲ, ಬೇರು ತಳ ಒಡೀತಾ ಇದೆ. ಊರಾಚೆ ಗೌಡ್ರು ಬಾವಿ ಇರೋ ಎರಡು ಎಕರೆ ಬಹಳ ವರ್ಷದ ಗುತ್ತಿಗೆಗೆ ಕೊಡ್ತೀನಿ ಅಂದಿದಾರೆ. ಬರೋ ವಾರ ಬಿಟ್ಟು ಆಚೆ ವಾರದ ಶುಕ್ರವಾರ ಹ್ಞೂಂ ಅಥವಾ ಊಹ್ಞೂಂ ಹೇಳ್ಬೇಕು. ಅವರಿಗೂ ಮಳೆಗೆ ಮುಂಚೆ ಯಾರಿಗಾದ್ರೂ ಕೊಟ್ಟುಬಿಡಬೇಕಂತೆ."

ಆ ವಾರ ಅಧಿಕಾರಿಗಳು ಪ್ರವಾಸದಲ್ಲಿದ್ದರು. ನಾನೇ ಪರೀಕ್ಷೆ ಮಾಡಿದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಅಳೆಯುವ ಪೆಟ್ಟಿಗೆಯೊಂದು ನಮ್ಮಲ್ಲಿತ್ತು. ಉಪ್ಪು ಹೆಚ್ಚಿದ್ದಷ್ಟೂ ಹೆಚ್ಚು ಹರಿಯುತ್ತದೆ. ಈ ನೀರಿಗೆ ಮುಳ್ಳು ಸರ್ರನೆ ಮೇಲೆ ಹೋಯಿತು. ನೀರಿಗೆ ಒಂದು ತೊಟ್ಟು ಫಿನಾಲ್ಫ್ತಲೀನ್ ಬಿಟ್ಟೆ. ಗುಲಾಬಿ ಬಣ್ಣ ಬಂತು, ಅಂದರೆ ಕಾರ್ಬೊನೇಟ್ ಇದೆ, ನೀರು ಕ್ಷಾರ. ಸುಣ್ಣದಂಶ ನೋಡಲು ಬೇರೆಯಾಗಿ ತೆಗೆದ ನೀರಿಗೆ ಒಂದು ಬಣ್ಣ ಹಾಕುತ್ತಿದ್ದೆವು, ಸುಣ್ಣ ಇರುವ ತನಕ ಅದು ಕೆಂಪು, ಮುಗಿದರೆ ನೀಲಿ. ಸುಣ್ಣದಂಶ ಅಳೆಯುವ ದ್ರಾವಣವನ್ನು ಬಿಡತೊಡಗಿದರೆ ಎರಡೇ ತೊಟ್ಟಿಗೆ ಕೆಂಪು ಹೋಗಿ ನೀಲಿ! ಸುಣ್ಣ ಇಲ್ಲವೇ ಇಲ್ಲ. ಜ್ವಾಲೆಯ ಯಂತ್ರದಲ್ಲಿ ಸೋಡಿಯಂ ನೋಡಿದರೆ ಬೇಕಾದಷ್ಟು. ಸುಣ್ಣದಂಶ ಕಡಿಮೆ, ಸೋಡಿಯಂ ಜಾಸ್ತಿ, ಕಾರ್ಬೊನೇಟ್ ಜಾಸ್ತಿ. ಪುಸ್ತಕದಲ್ಲಿ ಇಂಥ ನೀರನ್ನು ಗಿಡದ ಹತ್ತಿರ ತರಬೇಡಿ ಎಂದಿದೆ. ಬಾಟಲಿಯ ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು. ಕಸವಿರಬೇಕೆಂದು ಅಲ್ಲಾಡಿಸದೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಂಡಿದ್ದೆ.

ಕೆಂಪು ಮಸಿಯಲ್ಲಿ "ಸೋಡಾ ಜಾಸ್ತಿ. ನಿಂಬೆಗೆ ಯೋಗ್ಯವಲ್ಲ" ಎಂದು ಬರೆದು ಅಡಿಗೆರೆ ಎಳೆದೆ. ಕಾಗದ ಒಯ್ಯಲು ಬಂದ ಮೇಸ್ತ್ರಿ ಅದನ್ನು ಓದಿ, ಮತ್ತೆ ಓದಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಆಯ್ತು ಬಿಡಿ ಮೇಡಂ. ಅಲ್ಲಾ ಬೇರೆ ದಾರಿ ತೋರಿಸ್ತಾನೆ" ಎಂದು ಹೊರಟರು. ಬಾಗಿಲಲ್ಲಿ ನಿಂತು, "ಅವಳಿಗೆ ಹೇಗೆ ಹೇಳೋದು ಅಂತ ಅಷ್ಟೇ" ಎಂದರು. ನನಗೆ ಪಾಪ ಅನ್ನಿಸಿತು. ಆದರೆ ಒಂದು ಕುಟುಂಬವನ್ನು ದೊಡ್ಡ ನಷ್ಟದಿಂದ ಉಳಿಸಿದೆನಲ್ಲ ಎಂದು ಮಧ್ಯಾಹ್ನ ಊಟ ಚೆನ್ನಾಗಿಯೇ ಸೇರಿತು.

ಮುಂದಿನ ಗುರುವಾರ, ಅಂದರೆ ಅವರು ಗೌಡರಿಗೆ ಮಾತು ಹೇಳಬೇಕಾದ ಹಿಂದಿನ ದಿನ, ಜಗುಲಿಯಲ್ಲಿ ಪ್ರಶ್ನೋತ್ತರ ನಡೆಯುತ್ತಿತ್ತು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿಕೊಂಡ ಹೆಂಗಸೊಬ್ಬರು ಗಂಡಸರ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಟಿಫಿನ್ ಡಬ್ಬಿ. ಮುಚ್ಚಳ ತೆಗೆದು ಟಪ್ ಎಂದು ನನ್ನ ಮುಂದಿಟ್ಟರು. ಒಳಗೆ ತೊಗರಿಬೇಳೆ, ನೀರಿನಲ್ಲಿ ತೇಲುತ್ತಿತ್ತು.

"ನಾನು ಜನ್ನಾಪುರದ ಪಂಪ್ ಮೇಸ್ತ್ರಿ ಹೆಂಡತಿ. ನನ್ನ ಪ್ರಶ್ನೆ ಇದು" ಎಂದರು.

"ಇದು ಊಟದ ಮನೆ ಅಲ್ಲ ತಾಯೀ" ಎಂದೆ. ನನ್ನ ದನಿ ನನಗೇ ಹಿತವಾಗಿರಲಿಲ್ಲ.

"ಗೊತ್ತು. ಊಟದ ಮನೆ ಆಗಿದ್ರೆ ಬೇಳೆ ಬೆಂದಿರ್ತಿತ್ತು. ಆ ಬಾವಿಯಿಂದ ಒಂದು ಕೊಡ ನೀರು ಮನೆಗೆ ತಂದಿದ್ದೆ. ಹೊಸ ಬಾವಿ ನೀರು ಅಂದ್ರೆ ಮೊದಲು ಬೇಳೆ ಇಟ್ಟು ನೋಡೋದಲ್ವಾ? ಬೆಳಿಗ್ಗೆ ಒಲೆ ಹಚ್ಚಿದ್ದು, ಬಸ್ಸಿಗೆ ಹೊರಡೋ ತನಕ ಕುದ್ದಿದೆ. ನೋಡಿ, ಕಲ್ಲು! ಸೋಪು ಹಚ್ಚಿದ್ರೆ ನೊರೆ ಇಲ್ಲ, ಮೊಸರು ಒಡೆದ ಹಾಗೆ ಆಗುತ್ತೆ. ನೀವು ಬರೆದಿದೀರಿ ಈ ನೀರಲ್ಲಿ ಸೋಡಾ ಜಾಸ್ತಿ ಅಂತ. ಬೇಳೆ ಬೇಯ್ದೇ ಇದ್ರೆ ನಾವು ಚಿಟಿಕೆ ಸೋಡಾ ಹಾಕ್ತೀವಿ, ಆಗ ಬೇಯುತ್ತೆ. ಸೋಡಾ ಬಾವಿಯಲ್ಲೇ ಇದ್ರೆ ನನ್ನ ಬೇಳೆ ಯಾಕೆ ಬೇಯ್ಲಿಲ್ಲ? ಹೇಳಿ."

ಜಗುಲಿಯ ಗಂಡಸರು ಕಿವಿ ನಿಮಿರಿಸಿದರು. ನನಗೆ ತಲೆ ಬುಡ ಅರ್ಥವಾಗಲಿಲ್ಲ. "ಬೇಳೆ ಬೇಯೋದು ಬಿಡೋದು ಒಲೆಗೆ ಸಂಬಂಧಪಟ್ಟಿದ್ದು. ಇದು ವಿಜ್ಞಾನ" ಎಂದೆ.

ಒಳಗಿನಿಂದ ಕೆಮ್ಮು ಬರಲಿಲ್ಲ, ಅಧಿಕಾರಿಗಳೇ ಬಂದರು. ಡಬ್ಬಿಯಿಂದ ಒಂದು ಬೇಳೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರು. ಅದು ಪಟ್ಟನೆ ಸಿಡಿದು ಅಜ್ಜನೊಬ್ಬರ ಮುಂಡಾಸಿಗೆ ಬಡಿಯಿತು.

"ನೋಟ್‌ಬುಕ್ ತಗೊಂಬಾಮ್ಮ" ಎಂದರು. ಕೊಟ್ಟೆ. ನೋಡಿದರು. "ಸುಣ್ಣದಂಶ ಎರಡು ತೊಟ್ಟಿಗೇ ಮುಗಿದಿದೆ. ಹಾಗಾದ್ರೆ ಮೆದು ನೀರು. ಮೆದು ನೀರಲ್ಲಿ ಬೇಳೆ ಯಾಕಮ್ಮ ಬೇಯಲಿಲ್ಲ?"

"ನನಗೆ ಬೇಳೆ ಬೇಯಿಸೋಕೆ ಬರಲ್ಲ ಸಾರ್."

ಜಗುಲಿ ಬಿದ್ದು ಬಿದ್ದು ನಕ್ಕಿತು. ಆ ಹೆಂಗಸೂ ನಕ್ಕರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. "ನನಗೆ ಬರುತ್ತೆ, ದಿನಾ ಬೇಯಿಸ್ತೀನಿ" ಎಂದರು ಅಧಿಕಾರಿಗಳು. "ನೀರಲ್ಲಿ ಸುಣ್ಣದಂಶ ಜಾಸ್ತಿ ಇದ್ರೆ ಬೇಳೆ ಗಟ್ಟಿಯಾಗುತ್ತೆ, ಸೋಪು ಒಡೆಯುತ್ತೆ. ಇವರ ಒಲೆ ಹೇಳ್ತಿರೋದು ಸುಣ್ಣ ಬೇಕಾದಷ್ಟಿದೆ ಅಂತ. ನಿನ್ನ ನೋಟ್‌ಬುಕ್ ಹೇಳ್ತಿರೋದು ಇಲ್ಲವೇ ಇಲ್ಲ ಅಂತ. ಒಂದೇ ಬಾವಿಯ ನೀರು ಎರಡು ನಾಲಿಗೆ ಇಟ್ಕೊಂಡಿರಲ್ಲ. ಬಾಟ್ಲಿ ಎಲ್ಲಿ?"

ಬಾಟಲಿ ಕಪಾಟಿನಲ್ಲೇ ಇತ್ತು. ತಳದ ಬಿಳಿಯನ್ನು ಅವರು ಒಂದು ಗಾಜಿನ ತಟ್ಟೆಗೆ ಬಗ್ಗಿಸಿ ಒಂದು ತೊಟ್ಟು ಆಸಿಡ್ ಬಿಟ್ಟರು. ಬುಸ್ಸೆಂದು ಗುಳ್ಳೆ ಎದ್ದಿತು. ನಾನು ಕಸ ಎಂದುಕೊಂಡಿದ್ದೇ ಬಾವಿಯ ಸುಣ್ಣ! ಯಾವುದೋ ವಸ್ತು ಅದನ್ನು ನೀರಿನಿಂದ ಹೊರಗೆಳೆದು ತಳಕ್ಕೆ ಕೂರಿಸಿತ್ತು. ನಾನು ತಿಳಿಯನ್ನು ಮಾತ್ರ ಅಳೆದು ಸುಣ್ಣವಿಲ್ಲ ಎಂದು ಡಂಗುರ ಹೊಡೆದಿದ್ದೆ.

"ಬಾಟ್ಲಿ ಯಾವುದರಿಂದ ತೊಳೆದ್ರಿ ತಾಯಿ?" ಎಂದು ಅಧಿಕಾರಿಗಳು ಆಕೆಯನ್ನು ಕೇಳಿದರು.

ಆಕೆ ಹೆಮ್ಮೆಯಿಂದ ನೆಟ್ಟಗೆ ನಿಂತರು. "ಕೊಬ್ಬರಿ ಎಣ್ಣೆ ಬಾಟ್ಲಿ ಸಾರ್. ಶುಭ್ರ ಇರ್ಬೇಕು ಅಂತ ಚೀಟಿಯಲ್ಲಿತ್ತು. ಬಟ್ಟೆ ಸೋಡಾ ಗಟ್ಟಿಯಾಗಿ ಕಲಸಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಸುರಿದೆ. ಫಳಫಳ ಹೊಳೀತಿತ್ತು."

"ಆಮೇಲೆ ನೀರಲ್ಲಿ ಜಾಲಿಸಲಿಲ್ವಾ?"

"ಹೇಗೆ ಜಾಲಿಸೋದು? ಮನೆಯಲ್ಲಿರೋದು ನಲ್ಲಿ ನೀರು. ಬೇರೆ ಯಾವ ನೀರೂ ಸೋಕಬಾರದು ಅಂತ ಅದೇ ಚೀಟಿಯಲ್ಲಿ ಇತ್ತಲ್ಲ! ನಮ್ಮವರು ಎರಡು ಸಲ ಓದಿ ಹೇಳಿದ್ರು. ಸೋಡಾ ತಳದಲ್ಲಿ ಒಂದು ಚೂರು ಉಳಿದಿತ್ತು. ಶುದ್ಧಿ ಮಾಡೋ ವಸ್ತು ತಾನೇ ಅಂತ ಹಾಗೇ ಕೊಟ್ಟು ಕಳಿಸಿದೆ. ಇವರು ಬಾವಿ ಹತ್ರ ತುಂಬಿಸ್ಕೊಂಡು ಬಂದ್ರು."

ಅಧಿಕಾರಿಗಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಬಟ್ಟೆ ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ನಾನು ಹುಡುಕುತ್ತಿದ್ದ ಸೋಡಿಯಂ ಅದರಿಂದ, ಗುಲಾಬಿ ಬಣ್ಣ ಅದರಿಂದ, ಸುಣ್ಣ ತಳಕ್ಕೆ ಕೂತದ್ದು ಅದರಿಂದ, ಪೆಟ್ಟಿಗೆಯ ಮುಳ್ಳು ಜಿಗಿದದ್ದೂ ಅದರಿಂದಲೇ. ಆಕೆ ನನ್ನ ಎರಡು ಉತ್ತರಗಳನ್ನೂ ಅಕ್ಷರ ಬಿಡದೆ ಪಾಲಿಸಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇತ್ತು.

"ಹಾಗಾದ್ರೆ ನೀರು ಒಳ್ಳೇದಾ ಸಾರ್?" ಆಕೆಯ ದನಿ ಸಣ್ಣಗಾಗಿತ್ತು. "ಇವರು ನಾಳೆ ನಮಾಜ್ ಮುಗಿಸಿ ಗೌಡ್ರಿಗೆ ಬೇಡ ಅಂತ ಹೇಳೋಕೆ ಹೋಗ್ತಾರೆ. ಸಸಿಗಳನ್ನ ಯಾರಿಗಾದ್ರೂ ಹಂಚಿಬಿಡು ಅಂದಿದಾರೆ. ಮೂರು ವರ್ಷ ಮಗು ಸಾಕಿದ ಹಾಗೆ ಸಾಕಿದೀನಿ. ನೀವು ಒಳ್ಳೇದು ಅಂದ್ರೆ ಈಗಲೇ ಹೋಗಿ ನಿಲ್ಲಿಸ್ತೀನಿ."

"ಬೇಳೆ ನೋಡಿ ಅಷ್ಟು ಹೇಳೋಕಾಗಲ್ಲ ತಾಯಿ. ಸುಣ್ಣ ಇದೆ ಅಂತ ಮಾತ್ರ ಗೊತ್ತಾಯ್ತು. ಒಟ್ಟು ಉಪ್ಪು ಎಷ್ಟಿದೆಯೋ, ಸೋಡಿಯಂ ಎಷ್ಟಿದೆಯೋ, ಇನ್ನೊಂದು ಸಲ ಅಳೆದೇ ಹೇಳ್ಬೇಕು" ಎಂದರು ಅಧಿಕಾರಿಗಳು. ಆಮೇಲೆ ನನ್ನ ಕಡೆ ತಿರುಗಿ, "ಬಸ್ಸು ಎಷ್ಟು ಹೊತ್ತಿಗೆ?" ಎಂದರು.

ಪ್ರಯೋಗಾಲಯದ ಎರಡು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಆಕೆಯ ಜೊತೆ ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ "ಸೆಕೆ ಅಲ್ವಾ?" ಎಂದು ಮುಚ್ಚಿದೆ. ಐದನೆಯ ಸಲ ಆಕೆಯೇ, "ಹೌದಮ್ಮ, ಸೆಕೆ. ಇನ್ನೇನಾದ್ರೂ ಹೇಳೋದಿದ್ರೆ ಹೇಳಿ" ಎಂದರು.

"ತಪ್ಪು ನನ್ನದು ಆಪಾ. ಚೀಟಿ ಬರೆದವಳು ನಾನು" ಎಂದೆ. ಆಪಾ ಎಂದರೆ ಅಕ್ಕ. ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

"ಚೆನ್ನಾಗೇ ಬರೆದಿದ್ರಿ ಬಿಡಿ. ನೀವೇ ಒಂದು ಬಾಟ್ಲಿ ತೊಳೆದು ನೋಡಿ ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದರು.

ಬಾವಿಯ ಹತ್ತಿರ ಎಂಜಿನ್ ಇತ್ತು. ಅದನ್ನು ಶುರುಮಾಡುವುದು ಆಕೆಗೇ ಬರುತ್ತಿತ್ತು. ಬುರ್ಖಾ ತೆಗೆದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದರು, ಎಂಜಿನ್ ಕೆಮ್ಮಿ ಎದ್ದಿತು. ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರು ಹೋಗಿ ಬಾವಿಯ ನಿಜವಾದ ನೀರು ಬರಲಿ ಎಂದು ಅರ್ಧ ಗಂಟೆ ಹರಿಯಬಿಟ್ಟೆವು. ಆಮೇಲೆ ಅದೇ ನೀರಿನಿಂದ ಬಾಟಲಿಯನ್ನು ಜಾಲಿಸಿ ಚೆಲ್ಲಿದೆ. ಮತ್ತೆ ಜಾಲಿಸಿದೆ. ಮತ್ತೆ.

"ಮೂರು ಸಲ ಯಾಕೆ?"

"ಬಾಟ್ಲಿಯಲ್ಲಿ ಏನೇ ಉಳಿದಿದ್ರೂ ಹೋಗುತ್ತೆ. ಕೊನೆಗೆ ಉಳಿಯೋ ತೊಟ್ಟೂ ಇದೇ ಬಾವಿಯದ್ದೇ ಆಗಿರುತ್ತೆ. ಏನನ್ನು ತುಂಬಿಸ್ತೀವೋ ಅದರಲ್ಲೇ ಜಾಲಿಸಬೇಕು."

"ಇದು ಚೀಟಿಯಲ್ಲಿ ಇರಲಿಲ್ಲ."

"ಇರಲಿಲ್ಲ" ಎಂದು ಒಪ್ಪಿಕೊಂಡೆ. ಕತ್ತಿನ ತನಕ ತುಂಬಿ, ಬಿರಡೆ ಬಿಗಿದು, ಹೆಸರು, ದಿನ, ಬಾವಿಯ ಗುರುತು ಬರೆದು ಅಂಟಿಸಿದೆ.

ಆಪಾ ಊಟ ಮಾಡಿಸದೆ ಬಿಡಲಿಲ್ಲ. ಮೇಸ್ತ್ರಿ ದೂರದ ಹಳ್ಳಿಗೆ ರಿಪೇರಿಗೆ ಹೋಗಿದ್ದರು, ಮರುದಿನ ನೇರ ನಮಾಜಿಗೇ ಬರುವುದಾಗಿ ಹೇಳಿಕಳಿಸಿದ್ದರು. ಹಿತ್ತಲಲ್ಲಿ ಡಬ್ಬಗಳ ಸಾಲು ನೋಡಿದೆ. ಸೀಮೆಎಣ್ಣೆ ಡಬ್ಬ, ಬಣ್ಣದ ಡಬ್ಬ, ಬಿಸ್ಕತ್ತಿನ ಡಬ್ಬ. ಪ್ರತಿಯೊಂದರಲ್ಲೂ ಸೊಂಟದೆತ್ತರ ನಿಂಬೆ ಸಸಿ, ಎಲೆ ಕಡುಹಸಿರು. ಒಂದೆಲೆ ಹಿಸುಕಿ ಮೂಸಿದೆ. ಈ ಸಸಿಗಳಿಗೆ ನಾನು ಕೆಂಪು ಮಸಿಯಲ್ಲಿ ಮರಣಶಾಸನ ಬರೆದಿದ್ದೆನಲ್ಲ! ಒಳಗೆ ರೊಟ್ಟಿಯ ಜೊತೆ ಬಡಿಸಿದ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು.

"ಅದೇ ಬಾವಿ ನೀರು" ಎಂದರು ಆಪಾ. "ಚಿಟಿಕೆ ಅಡುಗೆ ಸೋಡಾ ಹಾಕಿದೆ. ಬಟ್ಟೆ ಸೋಡಾ ಅಲ್ಲ, ಹೆದರಬೇಡಿ."

ಶುಕ್ರವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿದ್ದೆ. ಫಿನಾಲ್ಫ್ತಲೀನ್ ಬಿಟ್ಟೆ, ಬಣ್ಣ ಬರಲಿಲ್ಲ. ಸುಣ್ಣ ಅಳೆಯುವ ದ್ರಾವಣ ತೊಟ್ಟು ತೊಟ್ಟಾಗಿ ಬಿಡುತ್ತ ಹೋದೆ. ಕೆಂಪು ಕೆಂಪಾಗಿಯೇ ಉಳಿಯಿತು. ಗಾಜಿನ ಕೊಳವೆ ಕೆಳಗಿಳಿಯುತ್ತಿದೆ, ಕೆಂಪು ಹೋಗುತ್ತಿಲ್ಲ. ಕೊನೆಗೊಮ್ಮೆ ನೀಲಿಯಾಯಿತು. ನನಗೆ ಕುಣಿಯುವಷ್ಟು ಸಂತೋಷ! ಸೋಡಿಯಂ ಕಡಿಮೆ. ವಿದ್ಯುತ್ತಿನ ಪೆಟ್ಟಿಗೆಯ ಮುಳ್ಳು ನಡುಮಟ್ಟದಲ್ಲಿ ನಿಂತಿತು. ಎರಡನೆಯ ಬಾಟಲಿಯನ್ನೂ ಅಳೆದೆ, ಅದೇ ಉತ್ತರ. ಅಧಿಕಾರಿಗಳು ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿ ಸಹಿ ಹಾಕಿದರು. "ಅಂಚೆಯಲ್ಲಿ ಕಳಿಸಲಾ ಸಾರ್?" ಎಂದು ಕೇಳಿದೆ. "ಅಂಚೆ ಸೋಮವಾರ ಮುಟ್ಟುತ್ತೆ" ಎಂದು ತಮ್ಮ ಕೊಡೆ ಕೊಟ್ಟರು. ಬಿಸಿಲು ಹಾಗಿತ್ತು.

ಭದ್ರಾವತಿಯಲ್ಲಿ ಬಸ್ಸಿಳಿದಾಗ ಜುಮ್ಮಾ ನಮಾಜ್ ಮುಗಿದು ಜನ ಹೊರಗೆ ಬರುತ್ತಿದ್ದರು. ಮೇಸ್ತ್ರಿ ಸೈಕಲ್ ಹತ್ತುತ್ತಿದ್ದುದು ಕಂಡಿತು. "ಮೇಸ್ತ್ರೀ! ನಿಲ್ಲಿ ಮಾರಾಯ್ರೇ!" ಎಂದು ಕೊಡೆ ಬೀಸುತ್ತ ಬೀದಿಯಲ್ಲಿ ಓಡಿದೆ. ಸೀರೆ ಉಟ್ಟ ಸರ್ಕಾರಿ ನೌಕರಿಯವಳು ಹಾಗೆ ಓಡುವುದನ್ನು ಆ ಬೀದಿ ಅದಕ್ಕೆ ಮುಂಚೆ ನೋಡಿರಲಿಕ್ಕಿಲ್ಲ. ಅವರು ಸೈಕಲ್ ನಿಲ್ಲಿಸಿದರು. ಏದುಸಿರು ಬಿಡುತ್ತ ಕಾಗದ ಕೊಟ್ಟೆ. ಓದಿದರು. ಹಳೆಯದನ್ನು ಜೇಬಿನಿಂದ ತೆಗೆದು ಎರಡನ್ನೂ ಪಕ್ಕಪಕ್ಕ ಹಿಡಿದರು.

"ಮೊನ್ನೆ ಕೆಟ್ಟದ್ದು ಅಂದ್ರಿ, ಇವತ್ತು ಒಳ್ಳೇದು ಅಂತೀರಿ. ಯಾವುದನ್ನ ನಂಬಲಿ ಮೇಡಂ?"

ನ್ಯಾಯವಾದ ಪ್ರಶ್ನೆ. "ಮೊನ್ನೆ ನಾನು ಅಳೆದಿದ್ದು ಬಟ್ಟೆ ಸೋಡಾ. ಇವತ್ತು ಅಳೆದಿದ್ದು ಬಾವಿ. ನನ್ನನ್ನ ನಂಬಬೇಡಿ, ನಿಮ್ಮ ಮನೆಯವರ ಒಲೆಯನ್ನ ನಂಬಿ. ಈಗ ನಮ್ಮಿಬ್ಬರದ್ದೂ ಒಂದೇ ಮಾತು" ಎಂದೆ. ಆಮೇಲೆ ಕೆಮ್ಮುವವರು ಇಲ್ಲದಿದ್ದರೂ ನಾನೇ ತಿದ್ದಿಕೊಂಡೆ. "ಆದ್ರೆ ಅಮೃತ ಅಂತಲೂ ತಿಳ್ಕೋಬೇಡಿ. ಉಪ್ಪು ನಡುಮಟ್ಟದಲ್ಲಿದೆ, ನಿಂಬೆ ಸೂಕ್ಷ್ಮದ ಗಿಡ. ಬುಡದಲ್ಲಿ ನೀರು ನಿಲ್ಲಿಸಬೇಡಿ, ಬಸಿಯೋಕೆ ದಾರಿ ಮಾಡಿ. ಬೇಸಿಗೆಯಲ್ಲಿ ಬಾವಿ ಇಳಿದಾಗ ಉಪ್ಪು ಏರಬಹುದು, ಆಗ ಇನ್ನೊಂದು ಸಲ ನೀರು ತನ್ನಿ."

ಮೇಸ್ತ್ರಿ ಕೆಂಪು ಮಸಿಯ ಕಾಗದವನ್ನು ನನ್ನ ಕೈಗಿತ್ತರು. "ಇದನ್ನ ನೀವೇ ಇಟ್ಕೊಳ್ಳಿ" ಎಂದು, ಸೈಕಲ್ ತುಳಿದು ಗೌಡರ ಮನೆ ಕಡೆಗೆ ಹೋದರು. ಹೋದದ್ದು ಹ್ಞೂಂ ಎನ್ನಲಿಕ್ಕೆ.

ಆ ಕಾಗದವನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ. ಅಮ್ಮನ ಹತ್ತಿರ ಹೋಗಿ ಬೇಳೆ ಬೇಯಿಸುವುದನ್ನೂ ಕಲಿತೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹೊಸ ಚೀಟಿ ಬರೆದಾಗ ಮೊದಲು ಜಗುಲಿಯಲ್ಲಿ ಓದಿ, "ಇದನ್ನ ಕೇಳಿ ನೀವು ಏನು ಮಾಡ್ತೀರಿ?" ಎಂದು ರೈತರನ್ನೇ ಕೇಳಿದೆ. ಅವರು ಏನೇನು ತಪ್ಪು ಮಾಡಬಲ್ಲರೋ ಅದೆಲ್ಲ ಹೊರಬಂತು. ಸೋಪು ಬೇಡ, ಸೋಡಾ ಬೇಡ, ಬೂದಿ ಬೇಡ, ಹುಣಸೆಹಣ್ಣು ಬೇಡ ಎಂದು ಸೇರಿಸಿದೆ. ತರುವ ನೀರಿನಲ್ಲೇ ಮೂರು ಸಲ ಜಾಲಿಸಿ ಚೆಲ್ಲಿ, ಆಮೇಲೆ ತುಂಬಿಸಿ ಎಂದು ದಪ್ಪಕ್ಷರದಲ್ಲಿ ಬರೆದೆ. "ನಿಮ್ಮ ಮನೆಯಲ್ಲಿ ಈ ನೀರಿಗೆ ಬೇಳೆ ಬೇಯುತ್ತದೆಯೇ?" ಎಂಬ ಪ್ರಶ್ನೆ ನಮ್ಮ ಅರ್ಜಿಯಲ್ಲಿ ಖಾಯಂ ಆಯಿತು. ಅದಕ್ಕೆ ಉತ್ತರ ಬರೆಯಲು ಗಂಡಸರು ಮನೆಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತಿತ್ತು.

ಐದು ಬೇಸಿಗೆ ಕಳೆದವು. ಆಪಾ ಪ್ರತಿ ಬೇಸಿಗೆಯೂ ಬಾವಿಯ ನೀರು ಕಳಿಸುತ್ತಿದ್ದರು, ಬಾಟಲಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಐದನೆಯ ಬೇಸಿಗೆಯ ಒಂದು ಗುರುವಾರ ಅವರೇ ಬಂದರು. ಒಂದು ಕೈಯಲ್ಲಿ ಚೀಲದ ತುಂಬ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಬಾಟಲಿ. ಅದೇ ಕೊಬ್ಬರಿ ಎಣ್ಣೆ ಬಾಟಲಿ, ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ. ಜಗುಲಿಯಲ್ಲಿದ್ದವರಿಗೆಲ್ಲ ಹಣ್ಣು ಹಂಚಿ, ಬಾಟಲಿಯನ್ನು ನನ್ನ ಮೇಜಿನ ಮೇಲೆ ಹಿಂದೆ ಬೇಳೆಯ ಡಬ್ಬಿ ಇಟ್ಟಿದ್ದ ಜಾಗದಲ್ಲೇ ಟಪ್ ಎಂದು ಇಟ್ಟರು.

"ಮೊದಲ ಹಣ್ಣಿನ ಶರಬತ್ತು. ಕುಡೀರಿ."

ಅಧಿಕಾರಿಗಳು ಲೋಟ ತಂದರು. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಬಿಳಿ ಇಲ್ಲ. ಸುಮ್ಮನಿರಬಹುದಿತ್ತು, ಆದರೆ ನನ್ನ ಬಾಯಿ! "ಬಾಟ್ಲಿ ಯಾವುದರಲ್ಲಿ ತೊಳೆದ್ರಿ ಆಪಾ?" ಎಂದು ಕೇಳಿಯೇಬಿಟ್ಟೆ.

ಆಪಾ ಮುಖ ಗಂಭೀರ ಮಾಡಿಕೊಂಡರು. "ಎರಡು ಬಾಟ್ಲಿ ಆಗೋಷ್ಟು ಮಾಡಿದ್ದೆ ಅಮ್ಮ. ನೀವೇ ಹೇಳಿದ್ರಲ್ಲ, ಏನನ್ನ ತುಂಬಿಸ್ತೀವೋ ಅದರಲ್ಲೇ ಮೂರು ಸಲ ಜಾಲಿಸಿ ಚೆಲ್ಲಬೇಕು ಅಂತ. ಒಂದು ಬಾಟ್ಲಿಯಷ್ಟು ಅದಕ್ಕೇ ಹೋಯ್ತು."